ಆ 40 ಎದೆಯದಲ್ಲ, ಕತ್ತಿನದು

ಮಂಡ್ಯದಲ್ಲಿ ನನಗೆ ಹದಿನೈದು ವರ್ಷ ಶರ್ಟು ಹೊಲಿದುಕೊಟ್ಟ ಟೈಲರ್ ಕಣ್ಣು ಮಂಜಾಯಿತೆಂದು ಅಂಗಡಿ ಮುಚ್ಚಿದರು. ಅಲ್ಲಿಂದ ಶುರುವಾಯಿತು ನನ್ನ ಪಾಡು. ಬೆಳಗ್ಗೆ ರೈಲು ಹಿಡಿದು ಮೈಸೂರಿನ ಆಫೀಸಿಗೆ ಹೋದರೆ ವಾಪಸ್ಸು ಬರುವುದು ಕತ್ತಲಾದ ಮೇಲೆ. ಅಂಗಡಿಯಲ್ಲಿ ಹಾಕಿ ನೋಡಲು ಪುರುಸೊತ್ತೆಲ್ಲಿ? ರೈಲಿನಲ್ಲೇ ಕೂತು ಫೋನಿನಲ್ಲಿ ತರಿಸತೊಡಗಿದೆ.

ನನ್ನ ಎದೆ 40 ಇಂಚು. ಹಾಗಾಗಿ 40ನೇ ಸೈಜಿನ ಸ್ಲಿಮ್ ಫಿಟ್ ಶರ್ಟು ತರಿಸಿದೆ. ಕಾಲರ್ ಸರಿಯಾಗಿ ಕೂತಿತು, ಆದರೆ ಎದೆಯ ಹತ್ತಿರ ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಡುತ್ತಿತ್ತು. ಅದನ್ನು ಕಳಿಸಿ 42 ತರಿಸಿದೆ. ಈಗ ಎದೆ ಸರಿ, ಕಾಲರ್ ದೊಗಳೆ. ಟೈ ಬಿಗಿದರೆ ಕಾಲರ್ ಸುಕ್ಕಾಗುತ್ತಿತ್ತು. "ಯಾರ್ದೋ ಶರ್ಟು ಸಾಲ ತಂದಂಗದೆ ಕಣ್ರೀ" ಅಂದಳು ನನ್ನಾಕೆ.

ಒಂದು ಭಾನುವಾರ ಎರಡೂ ಕತೆ ಹೇಳಿಕೊಂಡು ಟೈಲರ್ ಮನೆಗೇ ಹೋದೆ. ಅವರು ನಕ್ಕರು. "ಸಾರ್, ಆ 40 ನಿಮ್ಮ ಎದೆದಲ್ಲ, ಕತ್ತಿಂದು. ಅದೂ ಇಂಚಲ್ಲ, ಸೆಂಟಿಮೀಟರು." ಫಾರ್ಮಲ್ ಶರ್ಟಿನ ಕಾಲರ್ ಒಳಗೆ ಬರೆದಿರುವ 39, 40, 42, 44 ಸಾಮಾನ್ಯವಾಗಿ ಕಾಲರಿನ ಅಳತೆಯಂತೆ. ನನ್ನ ಎದೆಯೂ 40 ಆಗಿದ್ದು ಕಾಕತಾಳೀಯ. ಇಷ್ಟು ವರ್ಷ ಹೊಲಿಸಿ ಹಾಕಿದವನಿಗೆ ಇದು ಗೊತ್ತೇ ಇರಲಿಲ್ಲ!

ಅವತ್ತೇ ಮನೆಯಲ್ಲಿ ಟೇಪು ಹಿಡಿದು ಕೂತೆವು. ಅಳೆದವಳು ಹೆಂಡತಿ. ನಮ್ಮ ಅಳತೆ ನಾವೇ ತೆಗೆದರೆ ಕೈ ಎತ್ತಿದಾಗ ಎದೆ, ಭುಜ ಎಲ್ಲ ಏರುಪೇರಾಗುತ್ತದೆ. ಕತ್ತಿಗೆ ಗಂಟಲ ಗಂಟಿನ ಸ್ವಲ್ಪ ಕೆಳಗೆ, ಕಾಲರ್ ಕೂರುವ ಜಾಗದಲ್ಲಿ ಟೇಪು ಸುತ್ತಿದಳು. ಬರೀ ಕತ್ತು 38.7 ಸೆಂಟಿಮೀಟರು. ಟೇಪಿನ ಒಳಗೆ ಒಂದು ಬೆರಳು ತೂರಿಸಿದಾಗ ಹತ್ತಿರ ಹತ್ತಿರ 40. ಅಪ್ಪಟ ಹತ್ತಿ ಒಗೆದಾಗ ಚೂರು ಕುಗ್ಗುವುದರಿಂದ 39 ತೆಗೆದುಕೊಂಡರೆ ಎರಡನೇ ತಿಂಗಳಿಗೆ ಮೇಲಿನ ಗುಂಡಿ ಹಾಕಲಾಗುವುದಿಲ್ಲ. ಹಾಗಾಗಿ ನನ್ನ ಸೈಜು 40 ಅನ್ನುವುದು ಖಾತ್ರಿಯಾಯಿತು.

ಹಾಗಿದ್ದರೆ ಮೊದಲ ಶರ್ಟು ಯಾಕೆ ಬಿಗಿಯಾಯಿತು? ಎದೆಯ ಅಳತೆಯಲ್ಲಿ ಮೈಯದು ಬೇರೆ, ಬಟ್ಟೆಯದು ಬೇರೆ. ಮೈ ಅಳೆಯುವಾಗ ಟೇಪು ಕಂಕುಳ ಕೆಳಗೆ ಹಾದು ಎದೆಯ ಅಗಲವಾದ ಕಡೆ ಸುತ್ತಬೇಕು, ಬೆನ್ನ ಹಿಂದೆ ಜಾರಬಾರದು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಬಿಡಿಸಿದ ಮೇಲೆ 40 ಇಂಚು ಬಂತು. ಆಮೇಲೆ ಟೈಲರ್ ಹೊಲಿದ, ನನಗೆ ಸರಿಯಾಗಿ ಕೂರುವ ಹಳೇ ಶರ್ಟನ್ನು ಗುಂಡಿ ಹಾಕಿ ಮಂಚದ ಮೇಲೆ ಹಾಸಿದೆವು. ಒಂದು ಕಂಕುಳ ಹೊಲಿಗೆಯಿಂದ ಇನ್ನೊಂದಕ್ಕೆ 22 ಇಂಚು. ದುಪ್ಪಟ್ಟು ಮಾಡಿದರೆ 44. ಅಂದರೆ ನನಗೆ ಬೇಕಾದ ಸಡಿಲ 4 ಇಂಚು. ವಾಪಸ್ಸು ಕಳಿಸಿದ ಸ್ಲಿಮ್ ಫಿಟ್ಟಿನ ಸೈಜು ಪಟ್ಟಿಯನ್ನು ಫೋನಿನಲ್ಲಿ ತೆಗೆದು ನೋಡಿದರೆ ಬಟ್ಟೆಯ ಎದೆ 42 ಇತ್ತು. ಸಡಿಲ ಬರೀ ಎರಡಿಂಚು, ಗುಂಡಿ ಬಾಯಿ ಬಿಡದೆ ಇನ್ನೇನು? ಅದೇ 40ರ ರೆಗ್ಯುಲರ್ ಫಿಟ್ಟಿನಲ್ಲಿ 44 ಇತ್ತು. ನಾನು ಬದಲಿಸಬೇಕಿದ್ದದ್ದು ಸೈಜಲ್ಲ, ಫಿಟ್ಟು.

ಪಟ್ಟಿಯಲ್ಲೂ ಒಂದು ಗುಂಡಿ ಇದೆ, ಬೀಳುವ ಗುಂಡಿ. ಕೆಲವರು ಬಟ್ಟೆಯ ಅಳತೆ ಕೊಡುತ್ತಾರೆ, ಕೆಲವರು ಮೈಯದು. `To Fit` ಅಂತಿದ್ದರೆ ಮೈಯದು. ಅಂಥ ಕಡೆ ನಾನು 44 ಹುಡುಕಿದರೆ ಗೋಣಿಚೀಲವೇ ಬರುತ್ತದೆ.

ತೋಳಿನದು ಇನ್ನೊಂದು ಪೇಚು. ನಮ್ಮ ಟೈಲರುಗಳು ಭುಜದ ಹೊಲಿಗೆಯಿಂದ ಮಣಿಕಟ್ಟಿಗೆ ಅಳೆಯುತ್ತಾರೆ. ನನ್ನದು 24½. ಒಂದು ಪಟ್ಟಿಯಲ್ಲಿ 34 ಅಂತ ಕಂಡು ಬೆಚ್ಚಿಬಿದ್ದೆ, ಅಷ್ಟುದ್ದ ಕೈ ಕೋತಿಗೂ ಇರಲ್ಲ ಅಲ್ವಾ! ಅದು ಕತ್ತಿನ ಹಿಂಭಾಗದ ನಡುವಿನಿಂದ ಭುಜದ ಮೇಲೆ ಹಾದು ಮಣಿಕಟ್ಟಿನವರೆಗಿನ ಲೆಕ್ಕ. ನನ್ನ ಕತ್ತಿನ ನಡುವಿನಿಂದ ಭುಜದ ಅಂಚಿಗೆ 9 ಇಂಚು. ಕೂಡಿದರೆ 33½. ಅಳೆಯುವಾಗ ಮೊಣಕೈ ಸ್ವಲ್ಪ ಮಡಚಿರಬೇಕು. ನೆಟ್ಟಗೆ ಇಳಿಬಿಟ್ಟು ಅಳೆದ ತೋಳು ಸ್ಕೂಟರ್ ಹ್ಯಾಂಡಲ್ ಹಿಡಿದ ಕೂಡಲೇ ಮೇಲೇರುತ್ತದೆ.

ಮೂರೂ ಹೊಂದುವ ಶರ್ಟು ಯಾವಾಗಲೂ ಸಿಗುವುದಿಲ್ಲ. ಆಗ ನಾನು ಕಾಲರ್ ವಿಷಯದಲ್ಲಿ ಮಾತ್ರ ರಾಜಿ ಆಗುವುದಿಲ್ಲ. ತೋಳು ಅರ್ಧ ಇಂಚು ಉದ್ದವಿದ್ದರೆ, ಪಕ್ಕ ಸಡಿಲವಿದ್ದರೆ ಆಲ್ಟರೇಷನ್ ಮಾಡುವವರು ಸರಿಮಾಡುತ್ತಾರೆ. ಕಾಲರ್‌ಗೆ ಕೈ ಹಾಕಲು ಸಾಮಾನ್ಯವಾಗಿ ಯಾರೂ ಒಪ್ಪುವುದಿಲ್ಲ. ಈಗ ಪಾರ್ಸಲ್ ಬಂದ ಕೂಡಲೇ ಟ್ಯಾಗ್ ಕೀಳದೆ ಕಾಲರನ್ನು ಬಿಡಿಸಿ ಹಾಸಿ, ಗುಂಡಿಯ ನಡುವಿನಿಂದ ಕಾಜಾದ ಆಚೆ ತುದಿಯವರೆಗೆ ಅಳೆಯುತ್ತೇನೆ. 40 ಬರದಿದ್ದರೆ ಮೈಗೆ ಹಾಕಿಯೂ ನೋಡದೆ ವಾಪಸ್ಸು.