ಗಾಡಿ ಕೊಳ್ಳುವ ಮೊದಲು ನಾನು ಹಾಕಿದ ಲೆಕ್ಕ

ಕ್ಲಿನಿಕ್ ಮತ್ತು ಲ್ಯಾಬ್‌ಗಳ ಉಪಕರಣ ರಿಪೇರಿ ನನ್ನ ಸ್ವಂತ ಉದ್ಯೋಗ. ಟೂಲ್ ಪೆಟ್ಟಿಗೆ, ಬಿಡಿಭಾಗದ ಡಬ್ಬಿಗಳು, ಒಮ್ಮೊಮ್ಮೆ ಒಂದಿಡೀ ಯಂತ್ರ, ಇಷ್ಟನ್ನೂ ಹೊತ್ತು ಓಡಾಡಲು ಗಾಡಿ ಬೇಕೇ ಬೇಕು. ಹಳೆಯದು ಕೈಕೊಡುವ ಹೊತ್ತಿಗೆ ಪರಿಚಯದವರೆಲ್ಲ ಒಂದೇ ಮಾತು ಹೇಳಿದರು: "ಹೊಸದೇ ತಗೊಳ್ಳಿ, ದೊಡ್ಡದೇ ತಗೊಳ್ಳಿ, ಹೇಗೂ ಟ್ಯಾಕ್ಸ್‌ನಲ್ಲಿ ಹೋಗುತ್ತೆ." ಎಷ್ಟು ಹೋಗುತ್ತೆ ಎಂದು ಕೇಳಿದರೆ ಯಾರ ಹತ್ತಿರವೂ ಅಂಕಿ ಇರಲಿಲ್ಲ. ಆ ಅಂಕಿ ಸಿಗುವವರೆಗೆ ಗಾಡಿ ನೋಡಲು ಹೋಗುವುದಿಲ್ಲ ಎಂದು ನಿರ್ಧರಿಸಿದೆ.

ಮೊದಲು ತಿಳಿಯಬೇಕಿದ್ದದ್ದು, ನನ್ನ ಓಡಾಟದಲ್ಲಿ ಕೆಲಸದ ಪಾಲು ಎಷ್ಟು ಎಂಬುದು. ಹಳೇ ಗಾಡಿಯಲ್ಲೇ ಒಂದು ನೋಟ್‌ಬುಕ್ ಇಟ್ಟು 12 ವಾರ ಬಿಡದೆ ಬರೆದೆ. ಆಸ್ಟ್ರೇಲಿಯಾದಲ್ಲಿ ತೆರಿಗೆಗಾಗಿ ಇಡುವ ಲಾಗ್ ಪುಸ್ತಕಕ್ಕೂ ಸತತ 12 ವಾರವೇ ಅಳತೆ. ವರ್ಷದ ಸಾಮಾನ್ಯ ಓಡಾಟ ಅಷ್ಟರಲ್ಲಿ ಗೊತ್ತಾಗುತ್ತದೆ. ತಾರೀಖು, ಹೊರಟಾಗಿನ ಓಡೋಮೀಟರ್ ಅಂಕಿ, ತಲುಪಿದಾಗಿನ ಅಂಕಿ, ಎಲ್ಲಿಗೆ, ಯಾತಕ್ಕೆ ಎಂದು ಐದು ಕಾಲಂ. ಎಂಜಿನ್ ಆಫ್ ಮಾಡಿ, ಬಾಗಿಲು ತೆರೆಯುವ ಮೊದಲೇ ಬರೆಯುತ್ತಿದ್ದೆ. ರಾತ್ರಿ ಕೂತು ನೆನಪಿನಿಂದ ಬರೆದ ಎರಡು ದಿನದ ಪುಟಗಳಲ್ಲಿ ಎಲ್ಲ ಅಂಕಿಗಳೂ ಸೊನ್ನೆ ಇಲ್ಲವೇ ಐದರಲ್ಲಿ ಮುಗಿದಿದ್ದವು. ಅಂಥ ಪುಟ ಕಂಡರೆ ಯಾವ ತೆರಿಗೆ ಅಧಿಕಾರಿಯೂ ನಂಬುವುದಿಲ್ಲ.

12 ವಾರಕ್ಕೆ ಒಟ್ಟು 4,200 ಕಿಲೋಮೀಟರ್ ಆಯಿತು. ಅದರಲ್ಲಿ 3,528 ಕೆಲಸದ್ದು, ಅಂದರೆ ಶೇ 84, ಎಂದು ಖುಷಿಯಿಂದ ಆಡಿಟರ್ ಬಳಿಗೆ ಒಯ್ದೆ. ಅವರು ಪುಟ ತಿರುವುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ದಿನಾ ಬರ್ತಿದೆಯಲ್ಲ ಈ 14 ಕಿಲೋಮೀಟರ್, ಏನಿದು?"

"ಮನೆಯಿಂದ ವರ್ಕ್‌ಶಾಪಿಗೆ ಹೋಗಿ ಬರೋದು ಸರ್. ಕೆಲಸಕ್ಕೇ ತಾನೇ?"

"ಕೆಲಸಕ್ಕೆ ಹೋಗೋದು ಬೇರೆ, ಕೆಲಸದ ಮೇಲೆ ಹೋಗೋದು ಬೇರೆ. ಇದನ್ನ ತೆಗೀರಿ."

ಬಹುತೇಕ ದೇಶಗಳಲ್ಲಿ ಮನೆಯಿಂದ ಖಾಯಂ ಕೆಲಸದ ಜಾಗಕ್ಕೆ ಹೋಗುವ ಓಡಾಟ ಸ್ವಂತದ್ದೆಂದೇ ಲೆಕ್ಕ. ಮನೆಯೇ ಮುಖ್ಯ ಕಚೇರಿಯಾಗಿದ್ದರೆ ಕೆಲವು ಕಡೆ ಮಾತು ಬೇರೆಯಾಗುತ್ತದೆ, ನನ್ನದು ಹಾಗಿರಲಿಲ್ಲ. 72 ದಿನದ 14 ಕಿಲೋಮೀಟರ್ ಎಂದರೆ 1,008. ಅದು ಹೋದ ಮೇಲೆ ಉಳಿದದ್ದು 2,520, ಶೇ 60. "ಯಾತಕ್ಕೆ" ಎಂಬ ಕಾಲಂನಲ್ಲಿ ಬರೀ "ಕೆಲಸ" ಎಂದು ಗೀಚಿದ್ದ ಕಡೆಯೆಲ್ಲ ಗಿರಾಕಿಯ ಹೆಸರು, ಬಿಲ್ ನಂಬರ್ ಬರೆಸಿದರು. ಬಿಲ್ಲಿನ ತಾರೀಖಿಗೂ ಪುಸ್ತಕದ ತಾರೀಖಿಗೂ ತಾಳೆಯಾಗಬೇಕು.

ಇಲ್ಲಿಂದ ಮುಂದೆ ನನ್ನ ಕಣ್ಣು ತೆರೆಸಿದ್ದು ಒಂದು ಗುಣಾಕಾರ. ನನ್ನ ಆದಾಯದ ಮೇಲ್ತುದಿಗೆ ಬೀಳುವ ತೆರಿಗೆ ಶೇ 20. ಗಾಡಿಗೆ 100 ಖರ್ಚಾದರೆ ಕೆಲಸದ ಪಾಲು 60. ಆ 60 ನನ್ನ ಆದಾಯದಿಂದ ಕಳೆಯುತ್ತದೆ, ತೆರಿಗೆಯಿಂದ ಅಲ್ಲ. ತೆರಿಗೆಯಲ್ಲಿ ಉಳಿಯುವುದು ಅದರ ಐದರಲ್ಲೊಂದು, ಅಂದರೆ 12. ಬಾಕಿ 88 ನನ್ನ ಜೇಬಿನಿಂದಲೇ ಹೋಗಬೇಕು. "ಟ್ಯಾಕ್ಸ್‌ನಲ್ಲಿ ಹೋಗುತ್ತೆ" ಎನ್ನುವವರು ಈ 88ರ ಮಾತೇ ಎತ್ತುವುದಿಲ್ಲ.

ಈ 12ನ್ನು ಹಿಡಿದುಕೊಂಡು ಎರಡು ಗಾಡಿಗಳನ್ನು ತೂಗಿದೆ. ಒಂದು ಹೊಚ್ಚ ಹೊಸದು. ಅದರ ಬೆಲೆಯನ್ನು 1000 ಪಾಲು ಎಂದಿಟ್ಟುಕೊಳ್ಳಿ. ಇನ್ನೊಂದು ಅಂಥದ್ದೇ, ಮೂರು ವರ್ಷ ಓಡಿದ್ದು, 550 ಪಾಲಿಗೆ ಸಿಗುತ್ತಿತ್ತು. ಎರಡನ್ನೂ ಐದು ವರ್ಷ ಇಟ್ಟುಕೊಳ್ಳುವ ಲೆಕ್ಕ.

ಸವಕಳಿ ಎಂಬ ಪದಕ್ಕೆ ಇಲ್ಲಿ ಎರಡು ಅರ್ಥ ಇದೆ, ಎರಡನ್ನೂ ಕಲಸಬಾರದು. ತೆರಿಗೆಯ ಪುಸ್ತಕದಲ್ಲಿ ಕಳೆಯುವ ಸವಕಳಿ ಕಾನೂನು ಹೇಳಿದ ದರದ್ದು. ಮಾರುವಾಗ ಕೈಗೆ ಕಡಿಮೆ ಬರುತ್ತದಲ್ಲ, ಅದು ನಿಜವಾದ ಸವಕಳಿ. ಪುಸ್ತಕದಲ್ಲಿ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಶೇ 15 ಕಳೆಯುತ್ತಾ ಹೋದರೆ ಐದು ವರ್ಷಕ್ಕೆ 1000ದ್ದು 444ಕ್ಕೆ ಇಳಿಯುತ್ತದೆ. ಕಳೆದದ್ದು 556, ಅದರಲ್ಲಿ ನನಗೆ ತೆರಿಗೆಯಾಗಿ ಉಳಿಯುವುದು 67. ಮಾರುಕಟ್ಟೆಯಲ್ಲಿ ಅದು 450ಕ್ಕೆ ಹೋಗಬಹುದೆಂದು ಅಂದಾಜಿಸಿದೆ. ಅಲ್ಲಿಗೆ ನಿಜವಾದ ನಷ್ಟ 550, ತೆರಿಗೆ ಉಳಿತಾಯ ತೆಗೆದರೆ 483. ಮೂರು ವರ್ಷ ಓಡಿದ ಹಳೆಯದನ್ನು ಐದು ವರ್ಷದ ನಂತರ 220ಕ್ಕೆ ಮಾರಿದರೆ ನಷ್ಟ 330, ಪುಸ್ತಕದ ಸವಕಳಿಯಿಂದ ಉಳಿಯುವುದು 37, ನಿವ್ವಳ 293.

ಹೊಸದು 190 ಪಾಲು ದುಬಾರಿ. ಆದರೆ ಹಳೇ ಗಾಡಿ ಇಂಧನ ಹೆಚ್ಚು ಕುಡಿಯುತ್ತದೆ, ರಿಪೇರಿಯೂ ಜಾಸ್ತಿ. ಇಂಧನ, ಇನ್ಶೂರೆನ್ಸ್, ಸರ್ವಿಸ್, ಟೈರ್ ಎಲ್ಲ ಸೇರಿ ಐದು ವರ್ಷಕ್ಕೆ ಹೊಸದಕ್ಕೆ 500, ಹಳೆಯದಕ್ಕೆ 590 ಹಿಡಿದೆ. ನೂರಕ್ಕೆ 88ರಂತೆ ಇವು 440 ಮತ್ತು 519. ಎಲ್ಲ ಕೂಡಿದರೆ ಹೊಸದಕ್ಕೆ 923, ಹಳೆಯದಕ್ಕೆ 812. ಅಂತರ 111.

ಈ ಅಂತರವನ್ನು ತಿಂದುಹಾಕುವ ವಸ್ತು ಒಂದೇ: ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳು. ನನ್ನ ಒಂದು ದಿನದ ಗಳಿಕೆ 4 ಪಾಲು, ತೆರಿಗೆ ಹೋಗಿ 3.2. 111ನ್ನು ಅದರಿಂದ ಭಾಗಿಸಿದರೆ ಸುಮಾರು 35 ದಿನ, ವರ್ಷಕ್ಕೆ ಏಳು. ಹಳೇ ಗಾಡಿಯ ಸರ್ವಿಸ್ ದಾಖಲೆ ನೋಡಿದೆ, ನನ್ನ ಮೆಕ್ಯಾನಿಕ್‌ನನ್ನು ಕರೆದೊಯ್ದು ಎಂಜಿನ್, ಕ್ಲಚ್, ಸಸ್ಪೆನ್ಶನ್ ಪರೀಕ್ಷೆ ಮಾಡಿಸಿದೆ. ವರ್ಷಕ್ಕೆ ಮೂರು ದಿನಕ್ಕಿಂತ ಹೆಚ್ಚು ನಿಲ್ಲಲಾರದು ಎಂದು ಅವನು ಹೇಳಿದ ಮೇಲೆಯೇ ಮುಂಗಡ ಕೊಟ್ಟೆ. ಕ್ಲಚ್ ಜಾರುತ್ತಿದ್ದರೆ ನನ್ನ ತೀರ್ಮಾನ ಬೇರೆಯೇ ಆಗುತ್ತಿತ್ತು.

ಮೊದಲ ವರ್ಷವೇ ದೊಡ್ಡ ಸವಕಳಿ ಕೊಡುವ ನಿಯಮ ಇರುವ ಕಡೆ ಹೊಸದು ಗೆಲ್ಲುವುದಿಲ್ಲವೇ ಎಂದು ಸ್ನೇಹಿತನೊಬ್ಬ ಕೇಳಿದ. ಕೈಗೆ ಬೇಗ ದುಡ್ಡು ಬರುವುದು ನಿಜ, ಕಷ್ಟದ ವರ್ಷದಲ್ಲಿ ಅದಕ್ಕೂ ಬೆಲೆಯಿದೆ. ಆದರೆ ಪುಸ್ತಕದಲ್ಲಿ ಗಾಡಿಯ ಬೆಲೆ ಸೊನ್ನೆಗೆ ಇಳಿದಿದ್ದರೆ, 450ಕ್ಕೆ ಮಾರಿದ ದಿನ ಆ 450ರ ಕೆಲಸದ ಪಾಲು ಸಾಮಾನ್ಯವಾಗಿ ಆದಾಯವಾಗಿ ಮರಳುತ್ತದೆ. ಜೊತೆಗೆ ದುಬಾರಿ ಕಾರಿನ ಸವಕಳಿಗೆ ಕೆಲವು ದೇಶಗಳಲ್ಲಿ ಮಿತಿ ಇದೆ; ಮಿತಿ ಮೀರಿದ ಬೆಲೆಗೆ ಬಿಡಿಗಾಸೂ ಕಳೆಯುವಂತಿಲ್ಲ. ಕೊಳ್ಳುವ ಮುನ್ನ ಆಡಿಟರ್‌ಗೆ ಕೇಳಲೇಬೇಕಾದ ಪ್ರಶ್ನೆ ಅದು.

ಸಾಲದ ವಿಷಯದಲ್ಲಿ ನಾನೂ ಮೊದಲು ಎಡವಿದ್ದೆ. ತಿಂಗಳ ಕಂತನ್ನು ಪೂರ್ತಿ ಖರ್ಚೆಂದು ಬರೆದಿದ್ದೆ. ಕಂತಿನಲ್ಲಿ ಬಡ್ಡಿಯ ಭಾಗಕ್ಕೆ ಮಾತ್ರ, ಅದೂ ಶೇ 60ರಷ್ಟಕ್ಕೆ, ಕಳೆಯುವ ಅವಕಾಶ. ಅಸಲು ಗಾಡಿಯ ಬೆಲೆಯೇ ಆದ್ದರಿಂದ ಅದು ಸವಕಳಿಯ ಮೂಲಕವೇ ಬರಬೇಕು. ಎರಡೂ ಕಡೆ ಬರೆದರೆ ಒಂದೇ ದುಡ್ಡನ್ನು ಎರಡು ಸಲ ಕಳೆದಂತೆ.

ಎರಡನೇ ವರ್ಷ ಒಂದು ದೊಡ್ಡ ಲ್ಯಾಬ್ ಕೈಬಿಟ್ಟಿತು, ಓಡಾಟ ಕಡಿಮೆಯಾಗಿ ಕೆಲಸದ ಪಾಲು ಶೇ 54ಕ್ಕೆ ಇಳಿಯಿತು. ಆ ವರ್ಷದ ಲೆಕ್ಕವನ್ನು 54ರಲ್ಲೇ ಕೊಟ್ಟೆ. ಐದೂ ವರ್ಷ 54 ಎಂದು ಹಿಡಿದು ಹಳೇ ಹಾಳೆಯನ್ನು ಮತ್ತೆ ತುಂಬಿದಾಗ ಅಂತರ 111ರಿಂದ 113ಕ್ಕೆ ಏರಿತ್ತು.