ಎಂಎಸ್ ದುಡ್ಡು: ಒಂದು ಪಾಲು ರೂಪಾಯಿ, ಎರಡು ಪಾಲು ಡಾಲರ್ – ನನ್ನ ಅನುಭವ

ಅಮೆರಿಕದಲ್ಲಿ ಮಗಳ ಎಂಎಸ್‌ಗೆ ಅಂತ ತೆಗೆದಿಟ್ಟಿದ್ದ ದುಡ್ಡಿನಲ್ಲಿ ಮೂರರಲ್ಲಿ ಎರಡು ಪಾಲನ್ನು ಅವಳದೇ ಹೆಸರಿನಲ್ಲಿ, ಡಾಲರ್‌ನಲ್ಲಿ ಇಡುತ್ತೇನೆ ಅಂದಾಗ ಯಾರೂ ಒಪ್ಪಲಿಲ್ಲ. ನಮ್ಮ ಆಡಿಟರ್ 'ತಲೆನೋವು ಸಾರ್, ಎಫ್‌ಡಿ ಮಾಡಿ ಸುಮ್ನಿರಿ' ಅಂದರು. ಭಾವ 'ಮೂರು ವರ್ಷ ಇದೆಯಲ್ಲ, ನಾಸ್ಡಾಕ್ ಫಂಡ್‌ಗೆ ಹಾಕಿ' ಅಂದರು. ಇಬ್ಬರ ಮಾತನ್ನೂ ಪೂರ್ತಿ ಕೇಳಲಿಲ್ಲ. ಈಗ ಅವಳು ಅಲ್ಲಿ ಓದುತ್ತಿದ್ದಾಳೆ, ಮೊದಲ ವರ್ಷದ ದುಡ್ಡು ಸರಿಯಾಗಿ ಹೊಂದಿದೆ. ಕೇಳಿದವರಿಗೆಲ್ಲ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ, ಹೆಚ್ಚುಕಡಿಮೆ ಇರಬಹುದು.

2022ರ ಜೂನ್‌ನಲ್ಲಿ ಕೈಯಲ್ಲಿ ಸುಮಾರು 30 ಲಕ್ಷ ಇತ್ತು. ಡಾಲರ್ 78ರ ಆಸುಪಾಸು. 2025ರ ಆಗಸ್ಟ್‌ಗೆ ಹೊರಡಬೇಕು, ಮೊದಲ ವರ್ಷಕ್ಕೆ 38 ಸಾವಿರ ಡಾಲರ್ ಬೇಕು. ಎರಡನೇ ವರ್ಷಕ್ಕೆ ಸಾಲ. ಇಷ್ಟೇ ಲೆಕ್ಕ.

ಭಾವನ ಮಾತು ಪೂರ್ತಿ ತಪ್ಪಲ್ಲ. ಅಮೆರಿಕದ ಷೇರು ಸೂಚ್ಯಂಕ ನಾಸ್ಡಾಕ್ 2022ರಲ್ಲಿ ಮೂರನೇ ಒಂದು ಭಾಗ ಬಿತ್ತು, ಆಮೇಲೆ ಎದ್ದು ನನಗಿಂತ ಜಾಸ್ತಿಯೇ ಕೊಟ್ಟಿತು. ಆದರೆ 2025ರ ಏಪ್ರಿಲ್ ನೋಡಿ. ಸುಂಕದ ಗಲಾಟೆಯಲ್ಲಿ ಅಲ್ಲಿನ ಇನ್ನೊಂದು ಸೂಚ್ಯಂಕ ಎಸ್‌ ಆಂಡ್‌ ಪಿ 500 ಫೆಬ್ರವರಿಯ ಎತ್ತರದಿಂದ ಹತ್ತಿರ ಹತ್ತಿರ 19 ಶೇಕಡಾ ಕೆಳಗೆ ಹೋಗಿತ್ತು. ನಾವು ವಿಶ್ವವಿದ್ಯಾಲಯಕ್ಕೆ 'ಬರುತ್ತೇವೆ' ಅಂತ ಹೇಳಬೇಕಾದ ವಾರಗಳೇ ಅವು. ಫೀಸಿನ ತಾರೀಖು ಮಾರುಕಟ್ಟೆಗಾಗಿ ಕಾಯುವುದಿಲ್ಲ.

ಬರೀ ಎಫ್‌ಡಿ ಯಾಕೆ ಬೇಡ? 7 ಶೇಕಡಾ ಬಡ್ಡಿಯಲ್ಲಿ ನನ್ನ ಸ್ಲ್ಯಾಬ್‌ನ ತೆರಿಗೆ ಕಳೆದರೆ 5ಕ್ಕಿಂತ ಕಡಿಮೆ ಉಳಿಯುತ್ತದೆ. ರೂಪಾಯಿ ವರ್ಷಕ್ಕೆ 3 ಶೇಕಡಾ ಇಳಿಯುತ್ತಾ ಹೋದರೂ ಅದು ನಡೆಯುತ್ತದೆ. ಆದರೆ ರೂಪಾಯಿ ಹಾಗೆ ಒಂದೇ ಸಮನೆ ಇಳಿಯುವುದಿಲ್ಲ. 2023 ಪೂರ್ತಿ 82–83ರಲ್ಲೇ ಕೂತಿತ್ತು. 2024ರ ಕೊನೆಗೆ, 2025ರ ಶುರುವಿಗೆ ಕೆಲವೇ ತಿಂಗಳಲ್ಲಿ 84ರಿಂದ 87 ದಾಟಿತು. ಆ ಜಿಗಿತ ನಮ್ಮ ಫೀಸಿನ ತಿಂಗಳಲ್ಲೇ ಬಂದರೆ ಎಫ್‌ಡಿಯ ಅರ್ಧ ವರ್ಷದ ಬಡ್ಡಿ ಹೋಯಿತು. ಹಾಗಾಗಿ ಡಾಲರ್ ಮೊದಲೇ ಕೊಂಡಿಡಬೇಕು, ಆದರೆ ಒಂದೇ ಸಲ ಬೇಡ.

ಈಗ ಮುಖ್ಯ ವಿಷಯ. ಡಾಲರ್ ಎಲ್ಲಿ ಇಡೋದು, ಯಾರ ಹೆಸರಿನಲ್ಲಿ ಇಡೋದು.

ಇಡೋದು ಟಿ-ಬಿಲ್‌ನಲ್ಲಿ, ಅಂದರೆ ಅಮೆರಿಕ ಸರ್ಕಾರದ ಅಲ್ಪಾವಧಿ ಸಾಲಪತ್ರದಲ್ಲಿ, ಆರು ತಿಂಗಳ ಅವಧಿಯದು. ಅದಕ್ಕಿಂತ ಸುರಕ್ಷಿತವಾದದ್ದು ಡಾಲರ್‌ನಲ್ಲಿ ಇಲ್ಲ. ಬಡ್ಡಿ 2022ರ ಮಧ್ಯದಲ್ಲಿ ಎರಡೂವರೆ ಇತ್ತು, 2023ರಲ್ಲಿ 5 ದಾಟಿತು. ಮುಗಿದ ತಕ್ಷಣ ಮತ್ತೆ ಹಾಕಬೇಕು. ಎಲ್‌ಆರ್‌ಎಸ್‌ನಲ್ಲಿ, ಅಂದರೆ ನಮ್ಮಂಥವರು ವಿದೇಶಕ್ಕೆ ದುಡ್ಡು ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಯೋಜನೆಯಲ್ಲಿ, ಕಳಿಸಿದ ದುಡ್ಡು ಸುಮ್ನೆ 180 ದಿನಕ್ಕಿಂತ ಜಾಸ್ತಿ ಕೂತರೆ ವಾಪಸ್ ತರಬೇಕು ಅನ್ನುವ ನಿಯಮ ಇದೆ, ಅದನ್ನು ಮರೆಯಬೇಡಿ. ಉದ್ದ ಅವಧಿಯ ಬಾಂಡ್ ಫಂಡ್ ಕಡೆ ನೋಡಲೂ ಬೇಡಿ. 2022ರಲ್ಲಿ 20 ವರ್ಷಕ್ಕೆ ಮೇಲ್ಪಟ್ಟ ಸರ್ಕಾರಿ ಬಾಂಡ್‌ಗಳು ಎಸ್‌ ಆಂಡ್‌ ಪಿ 500ಗಿಂತ ಜೋರಾಗಿ ಬಿದ್ದವು.

ಹೆಸರು ಮಗಳದೇ ಆಗಬೇಕು. ಇದನ್ನು ಎಷ್ಟು ಜನ ಬಿಟ್ಟುಬಿಡುತ್ತಾರೆ ಅಂದರೆ ಆಶ್ಚರ್ಯ ಆಗುತ್ತದೆ. ವಿದೇಶಿ ಬ್ರೋಕರ್ ದುಡ್ಡು ವಾಪಸ್ ಕೊಡುವುದು ಖಾತೆದಾರರ ಹೆಸರಿನ ಬ್ಯಾಂಕ್ ಖಾತೆಗೆ ಮಾತ್ರ. ಖಾತೆ ನನ್ನ ಹೆಸರಿನಲ್ಲಿದ್ದರೆ ಡಾಲರ್ ಮೊದಲು ನನ್ನ ಇಲ್ಲಿನ ಖಾತೆಗೆ ಬಂದು ರೂಪಾಯಿ ಆಗಬೇಕು, ಮತ್ತೆ ಡಾಲರ್ ಆಗಿ ಹೋಗಬೇಕು. ಎರಡು ಸಲ ಬ್ಯಾಂಕಿಗೆ ದರದ ವ್ಯತ್ಯಾಸ ಕಟ್ಟುವುದು. ಅವಳ ಹೆಸರಿನಲ್ಲಿದ್ದರೆ ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ ಡಾಲರ್ ಡಾಲರ್ ಆಗಿಯೇ ನೇರ ಬರುತ್ತದೆ. ಇನ್ನೊಂದು ಲಾಭ: ಅವಳಿಗೆ 18 ದಾಟಿತ್ತು. ಅಪ್ಪ ಕೊಟ್ಟ ದುಡ್ಡಿಗೆ ತೆರಿಗೆ ಇಲ್ಲ, ಅದರ ಬಡ್ಡಿಯೂ ನನ್ನ ಆದಾಯಕ್ಕೆ ಸೇರುವುದಿಲ್ಲ. ಅವಳ ಆದಾಯ ತೆರಿಗೆ ಮಿತಿಯೊಳಗೇ ಇತ್ತು. ಅಂದರೆ ಟಿ-ಬಿಲ್ ಬಡ್ಡಿ ಹಾಗೇ ಪೂರ್ತಿ ಕೈಗೆ. ಆಡಿಟರ್ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

ಆದರೆ ತಲೆನೋವು ಅಂದದ್ದು ಸುಳ್ಳಲ್ಲ. ಹೂಡಿಕೆಗೆ ಕಳಿಸಬೇಕಾದರೆ ಆ ಬ್ಯಾಂಕಿನಲ್ಲಿ ಖಾತೆ ತೆರೆದು ಒಂದು ವರ್ಷ ಆಗಿರಬೇಕು, ಇಲ್ಲಾಂದರೆ ಹಳೆಯ ಸ್ಟೇಟ್‌ಮೆಂಟ್, ರಿಟರ್ನ್ ಎಲ್ಲ ಕೇಳುತ್ತಾರೆ. ಮಗಳ ಹೆಸರಿನಲ್ಲಿ ಚಿಕ್ಕಂದಿನ ಖಾತೆ ಇತ್ತು, ಬಚಾವಾದೆವು. ಆಮೇಲೆ ಇನಿಷಿಯಲ್. ಬ್ಯಾಂಕಿನಲ್ಲಿ ಅವಳ ಹೆಸರಿನ ಮುಂದೆ ಒಂದೇ ಅಕ್ಷರ. ಪ್ಯಾನ್‌ನಲ್ಲಿ, ಪಾಸ್‌ಪೋರ್ಟ್‌ನಲ್ಲಿ ನನ್ನ ಪೂರ್ತಿ ಹೆಸರು ಅವಳ ಹೆಸರಿನ ಹಿಂದೆ. ಬ್ರೋಕರ್ ಖಾತೆ ಪಾಸ್‌ಪೋರ್ಟ್‌ನಂತೆ ಆಗಿತ್ತು. ಮೊದಲ ಸಲ ಕಳಿಸಿದ ಆರೂವರೆ ಲಕ್ಷ 'ಕಳಿಸಿದವರ ಹೆಸರು ಹೊಂದುತ್ತಿಲ್ಲ' ಅಂತ ವಾಪಸ್ ಬಂತು. ಬರುವಾಗ ಬ್ಯಾಂಕಿನ ಕೊಳ್ಳುವ ದರದಲ್ಲಿ ರೂಪಾಯಿ ಆಯಿತು, ದಾರಿಯ ಬ್ಯಾಂಕ್ ತನ್ನ ಪಾಲು ಹಿಡಿದುಕೊಂಡಿತು. ಹದಿನೈದು ಸಾವಿರದ ಹತ್ತಿರ ಗಾಳಿಗೆ ಹೋಯಿತು. ಬ್ಯಾಂಕಿನಲ್ಲಿ ಹೆಸರು ತಿದ್ದಿಸಲು ಮತ್ತೆ ಒಂದು ತಿಂಗಳು. ಅಷ್ಟರಲ್ಲಿ ಡಾಲರ್ 82 ಆಗಿತ್ತು. ನೀವು ಮಾಡುವುದಾದರೆ ಪ್ಯಾನ್, ಪಾಸ್‌ಪೋರ್ಟ್, ಬ್ಯಾಂಕ್ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರುವಂತೆ ಮೊದಲು ಮಾಡಿಸಿ. ಮೊದಲ ಸಲ ಐನೂರು ಡಾಲರ್ ಮಾತ್ರ ಕಳಿಸಿ ನೋಡಿ.

ಟಿಸಿಎಸ್ ಅಂದರೆ ಮಿತಿ ದಾಟಿ ವಿದೇಶಕ್ಕೆ ಕಳಿಸಿದರೆ ಬ್ಯಾಂಕು ಮೊದಲೇ ವಸೂಲಿ ಮಾಡುವ ತೆರಿಗೆ. ಆಗ ಮಿತಿ ಒಬ್ಬರಿಗೆ ಹಣಕಾಸು ವರ್ಷಕ್ಕೆ 7 ಲಕ್ಷ. 2023ರ ಅಕ್ಟೋಬರ್‌ನಿಂದ ಅದರ ಮೇಲೆ ಹೂಡಿಕೆಗೆ ಕಳಿಸಿದರೆ 20 ಶೇಕಡಾ. ನಾನು ವರ್ಷಕ್ಕೆ ಆರೂವರೆ ಲಕ್ಷದ ಮೇಲೆ ಹೋಗಲೇ ಇಲ್ಲ. ಮೂರು ಹಣಕಾಸು ವರ್ಷದಲ್ಲಿ ಮೂರು ಕಂತು, ಹತ್ತೊಂಬತ್ತೂವರೆ ಲಕ್ಷ. ಹೀಗೆ ದರವೂ ತಾನಾಗೇ ಹರಡಿಕೊಂಡಿತು, ಟಿಸಿಎಸ್ ಒಂದು ರೂಪಾಯಿ ಕಟ್ಟಲಿಲ್ಲ. ಬ್ಯಾಂಕಿನ ಕಮಿಷನ್ ಸೇರಿ ಸರಾಸರಿ 83–84ಕ್ಕೆ ಬಿತ್ತು. ಒಟ್ಟು 23 ಸಾವಿರ ಡಾಲರ್ ಚಿಲ್ಲರೆ ಹೋಯಿತು. ಬಡ್ಡಿ ಸೇರಿ 25 ಸಾವಿರ ದಾಟಿತು.

ಬ್ಯಾಂಕಿನವರು ಮೊದಲು ಮಾರುಕಟ್ಟೆ ದರದ ಮೇಲೆ ಒಂದೂವರೆ ರೂಪಾಯಿ ಹೇಳಿದರು. ಕೊನೆಯ ಕಂತಿಗೆ ನಲವತ್ತು ಪೈಸೆಗೆ ಇಳಿಸಿದೆ. ಹೇಗೆ ಇಳಿಸಿದೆ, ಯಾವ ಬ್ರೋಕರ್ ಅಂತ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಮಾಡಿದರೆ ಅವರು ನಿಲ್ಲಿಸಿಬಿಡುತ್ತಾರೆ. ಶಾಖೆಯಲ್ಲಿ ಕೂತು ಕೇಳಿದರೆ ಆಗಲ್ಲ, ಇಷ್ಟು ಮಾತ್ರ ಹೇಳಬಲ್ಲೆ.

ಉಳಿದ ಹತ್ತೂವರೆ ಲಕ್ಷ ರೂಪಾಯಿಯಲ್ಲೇ. ಯಾಕೆಂದರೆ ಮೊದಲ ಸೆಮಿಸ್ಟರ್ ಫೀಸು ಅವಳು ಅಲ್ಲಿ ಖಾತೆ ತೆರೆಯುವ ಮೊದಲೇ ಕಟ್ಟಬೇಕು, ಟಿಕೆಟ್ಟು, ವೀಸಾ ಖರ್ಚು ಎಲ್ಲ ರೂಪಾಯಿಯದೇ. ರೆಪೊ ದರ 2022ರ ಮೇನಲ್ಲಿ ಏರಲು ಶುರುವಾಗಿತ್ತು, 4ರಿಂದ 2023ರ ಫೆಬ್ರವರಿಗೆ 6.5ರವರೆಗೆ ಹೋಯಿತು. ಅದಕ್ಕೇ ಮೊದಲು ಆರು ತಿಂಗಳ ಎಫ್‌ಡಿ ಮಾತ್ರ ಮಾಡಿದೆ. 2023ರ ಶುರುವಿಗೆ ದರ ಏಳು ದಾಟಿದ ಮೇಲೆ 2025ರ ಜೂನ್‌ಗೆ ಮುಗಿಯುವ ಹಾಗೆ ಕಟ್ಟಿದೆ. ಒಂದೊಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದೊಳಗೆ, ಠೇವಣಿ ವಿಮೆ ಅಷ್ಟೇ ಇರುವುದು.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ, ಸ್ವಂತ ದುಡ್ಡಿನಲ್ಲಿ. ಎನ್‌ಎಸ್‌ಇಯಲ್ಲಿ ಸಿಗುವ ನಾಸ್ಡಾಕ್ ಇಟಿಎಫ್, ಅಂದರೆ ಷೇರಿನಂತೆ ಕೊಳ್ಳುವ ಫಂಡ್, ಐವತ್ತು ಸಾವಿರಕ್ಕೆ ಕೊಂಡೆ. ವಿದೇಶಿ ಹೂಡಿಕೆಗೆ ಮ್ಯೂಚುವಲ್ ಫಂಡ್‌ಗಳಿಗೆಲ್ಲ ಸೇರಿ 700 ಕೋಟಿ ಡಾಲರ್, ಇಟಿಎಫ್‌ಗಳಿಗೆ ಬೇರೆ 100 ಕೋಟಿ ಡಾಲರ್ ಮಿತಿ ಇದೆ. ಅದು ತುಂಬಿದ ಮೇಲೆ ಹೊಸ ಯೂನಿಟ್ ಬರುವುದಿಲ್ಲ, ಹಾಗಾಗಿ ಇಲ್ಲಿನ ಬೆಲೆ ನಿಜ ಬೆಲೆಗಿಂತ ಮೇಲಿರುತ್ತದೆ. ಕೊಳ್ಳುವ ಮೊದಲು ಪರದೆಯಲ್ಲಿ ಐ-ಎನ್‌ಎವಿ, ಅಂದರೆ ಯೂನಿಟ್ಟಿನ ಆ ಹೊತ್ತಿನ ನಿಜ ಬೆಲೆ, ನೋಡಿ ಹೋಲಿಸಿ. ಒಂದು ದಿನ ಹತ್ತಿರ ಹತ್ತಿರ 10 ಶೇಕಡಾ ಜಾಸ್ತಿ ಇತ್ತು. ಡಾಲರ್ ಏರಿ ಮೂರು ವರ್ಷದಲ್ಲಿ ಕೊಡುವುದನ್ನು ಅಲ್ಲಿ ಒಂದೇ ದಿನಕ್ಕೆ ಕಟ್ಟಿಬಿಡುತ್ತೀರಿ. ಕರೆನ್ಸಿ ಫ್ಯೂಚರ್ಸ್, ಅಂದರೆ ಮುಂದಿನ ತಾರೀಖಿಗೆ ಡಾಲರ್ ದರ ಕಟ್ಟಿಕೊಳ್ಳುವ ಒಪ್ಪಂದ, ಕೂಡ ನೋಡಿದೆ. ಪ್ರತಿ ತಿಂಗಳು ಅದನ್ನು ಮುಂದಿನ ತಿಂಗಳಿಗೆ ರೋಲ್ ಮಾಡುವಾಗ ಬಡ್ಡಿ ವ್ಯತ್ಯಾಸ ಕಟ್ಟುತ್ತಲೇ ಇರಬೇಕು. 2024ರಲ್ಲಿ, ನಿಜವಾದ ವಿದೇಶಿ ವಿನಿಮಯದ ಅಗತ್ಯ ಇದ್ದವರು ಮಾತ್ರ ಮಾಡಬಹುದು ಅಂತ ರಿಸರ್ವ್ ಬ್ಯಾಂಕ್ ಬಿಗಿ ಮಾಡಿದಾಗ ಬಿಟ್ಟುಬಿಟ್ಟೆ.

2024ರ ಮಧ್ಯದಲ್ಲಿ ಮಗಳು 'ಜರ್ಮನಿಗೆ ಹೋದರೆ ಹೇಗೆ?' ಅಂದಳು. ಆಗ ಮಾತ್ರ ನಿಜವಾಗಿ ಬೆವರಿದೆ. ಡಾಲರ್ ಇಟ್ಟವನಿಗೆ ಯೂರೋದಿಂದ ರಕ್ಷಣೆ ಇಲ್ಲ. 2025ರ ಜನವರಿಯಲ್ಲಿ 90 ರೂಪಾಯಿ ಆಸುಪಾಸು ಇದ್ದ ಯೂರೋ ಆಗಸ್ಟ್‌ಗೆ 100 ದಾಟಿತ್ತು, ಡಾಲರ್ ಅಷ್ಟು ಏರಲಿಲ್ಲ. ದೇಶ ಗಟ್ಟಿ ಆಗದವರು ಕೊನೆಯ ಕಂತನ್ನು ತಡ ಮಾಡಿ. ಪುಣ್ಯಕ್ಕೆ ಅವಳ ಆ ಯೋಚನೆ ಎರಡು ತಿಂಗಳಲ್ಲಿ ಇಳಿಯಿತು.

ವೀಸಾಗೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರಕ್ಕೆ ದುಡ್ಡಿನ ದಾಖಲೆ ಕೊಡುವಾಗ ಇನ್ನೊಂದು ಅಡ್ಡಿ. ಅವಳ ವಿಶ್ವವಿದ್ಯಾಲಯ ಬ್ರೋಕರ್ ಸ್ಟೇಟ್‌ಮೆಂಟ್ ಒಪ್ಪಲಿಲ್ಲ. ಬ್ಯಾಂಕ್ ಖಾತೆ, ಎಫ್‌ಡಿ, ಸಾಲದ ಮಂಜೂರಾತಿ ಪತ್ರ ಮಾತ್ರ. ಟಿ-ಬಿಲ್ ಅಂತ ವಿವರಿಸಿ ಬರೆದರೂ ಉಪಯೋಗ ಆಗಲಿಲ್ಲ. ಎರಡನೇ ವರ್ಷದ ಸಾಲವನ್ನು ಮೊದಲೇ ಮಂಜೂರು ಮಾಡಿಸಿ ಆ ಪತ್ರ, ಎಫ್‌ಡಿ ಪತ್ರ ಸೇರಿಸಿ ಕೊಟ್ಟೆವು. ಆಗಲೇ ಸಾಲ ತೆಗೆದುಕೊಳ್ಳಲಿಲ್ಲ, ಪ್ರೊಸೆಸಿಂಗ್ ಶುಲ್ಕ ಮಾತ್ರ ಹೋಯಿತು.

ಕೊನೆಗೆ ಜುಲೈ–ಆಗಸ್ಟ್‌ನಲ್ಲಿ 13 ಸಾವಿರ ಡಾಲರ್ ಇಲ್ಲಿಂದ ಕಳಿಸಿದೆವು, ಹನ್ನೊಂದೂವರೆ ಲಕ್ಷ ಆಯಿತು. ಅಷ್ಟರಲ್ಲಿ ಟಿಸಿಎಸ್ ಮಿತಿ 10 ಲಕ್ಷ ಆಗಿತ್ತು. ಅರ್ಧ ನನ್ನ ಪ್ಯಾನ್‌ನಲ್ಲಿ, ಅರ್ಧ ಹೆಂಡತಿಯ ಪ್ಯಾನ್‌ನಲ್ಲಿ, ಮತ್ತೆ ಟಿಸಿಎಸ್ ಇಲ್ಲ. ವಿದೇಶಕ್ಕೆ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಫಾರಂನಲ್ಲಿ ಉದ್ದೇಶದ ಕೋಡ್ ಓದಿನ ಖರ್ಚಿನದು, S0305 ಇದೆಯೇ ಅಂತ ನೀವೇ ಓದಿ ಸಹಿ ಮಾಡಿ. ನಮ್ಮ ಒಂದು ಫಾರಂನಲ್ಲಿ ಶಾಖೆಯವರು ಬೇರೆ ಕೋಡ್ ತುಂಬಿದ್ದರು, ಅಲ್ಲೇ ತಿದ್ದಿಸಿದೆ. ಎಫ್‌ಡಿ ಬೆಳೆದು ಹನ್ನೆರಡೂವರೆ ಲಕ್ಷದ ಹತ್ತಿರ ಬಂದಿತ್ತು, ಮಿಕ್ಕಿದ್ದು ಟಿಕೆಟ್ಟಿಗೆ ಆಯಿತು. ಮಗಳು ಹೋಗಿ ಎರಡು ವಾರದಲ್ಲಿ ಖಾತೆ ತೆರೆದಳು, ಬ್ರೋಕರ್‌ನಿಂದ ಮೊದಲ ಐದು ಸಾವಿರ ಮೂರ್ನಾಲ್ಕು ದಿನದಲ್ಲಿ ಬಂತು. ಆಗ ಇಲ್ಲಿ ಡಾಲರ್ 88 ಮುಟ್ಟಿತ್ತು.

ಈಗ ಉಳಿದಿರುವ ಕೆಲಸ ಕಾಗದದ್ದು. ಪ್ರತಿ ವರ್ಷ ಅವಳ ಹೆಸರಿನಲ್ಲಿ ಐಟಿಆರ್-2 ಹಾಕಿ, ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎಯಲ್ಲಿ ಆ ಬ್ರೋಕರ್ ಖಾತೆ ತೋರಿಸುತ್ತಾ ಬಂದಿದ್ದೇನೆ. ತೆರಿಗೆ ಸೊನ್ನೆಯಾದರೂ ಇದನ್ನು ಬಿಡಬೇಡಿ. ಅಲ್ಲಿ ಲೆಕ್ಕ ಜನವರಿಯಿಂದ ಡಿಸೆಂಬರ್‌ಗೆ, ನಮ್ಮ ಮಾರ್ಚ್‌ಗೆ ಅಲ್ಲ. ಬ್ರೋಕರ್ ಕೊಡುವ ಡಿಸೆಂಬರ್ ಸ್ಟೇಟ್‌ಮೆಂಟನ್ನು ಆಗಲೇ ಇಳಿಸಿಟ್ಟುಕೊಂಡರೆ ಜುಲೈನಲ್ಲಿ ಹುಡುಕುವುದು ತಪ್ಪುತ್ತದೆ.