ಶೇಷದೊಳಗಿನ ಬಿಟ್: ಗೂಢಸಂಖ್ಯೆಗಳನ್ನು ಕೂಡಿ ಗುಣಿಸಿ ನೋಡಿದ ಅನುಭವ

ಗೂಢಗೊಳಿಸಿದ ಸಂಖ್ಯೆಗಳನ್ನು ಬಿಡಿಸದೆಯೇ ಅವುಗಳ ಮೇಲೆ ಲೆಕ್ಕ ಮಾಡುವ ವಿದ್ಯೆಯಾದ ಹೋಮೋಮಾರ್ಫಿಕ್ ಎನ್‌ಕ್ರಿಪ್ಶನ್ ಕಲಿಯಲು ಹೊರಟಾಗ ನಾನು ಲ್ಯಾಟಿಸ್‌ಗಳ ಗಣಿತವನ್ನು ಪಕ್ಕಕ್ಕಿಟ್ಟು, ವಾನ್ ಡೈಕ್, ಜೆಂಟ್ರಿ, ಹಲೇವಿ ಮತ್ತು ವೈಕುಂಠನಾಥನ್ 2010ರಲ್ಲಿ ಪ್ರಕಟಿಸಿದ ಪೂರ್ಣಾಂಕಗಳ ವಿಧಾನವನ್ನು ಹಿಡಿದೆ. ಅದರ ಸರಳ ರೂಪಕ್ಕೆ ಭಾಗಾಕಾರ ಮತ್ತು ಶೇಷ ಗೊತ್ತಿದ್ದರೆ ಸಾಕು. ಕಾಗದದ ಮೇಲೆಯೇ ಮಾಡಿ ನೋಡಬಹುದು.

ರಹಸ್ಯ ಕೀಲಿ p ಒಂದು ಬೆಸ ಸಂಖ್ಯೆ. ಬಚ್ಚಿಡಬೇಕಾದದ್ದು ಒಂದೇ ಒಂದು ಬಿಟ್, m. ಪ್ರತಿ ಸಲವೂ ಹೊಸದಾಗಿ ದೊಡ್ಡದೊಂದು q, ಚಿಕ್ಕದೊಂದು r ಆರಿಸಿಕೊಂಡು c = p·q + 2r + m ಎಂಬ ಗೂಢಸಂಖ್ಯೆಯನ್ನು ಬರೆಯುತ್ತೇವೆ. ಬಿಡಿಸುವಾಗ c ಯನ್ನು p ಯಿಂದ ಭಾಗಿಸಿದರೆ 2r + m ಶೇಷವಾಗಿ ಉಳಿಯುತ್ತದೆ. ಅದು ಬೆಸವಾದರೆ ಬಿಟ್ 1, ಸಮವಾದರೆ 0. ಶೇಷವಾಗಿ ಉಳಿಯುವ ಈ ಚಿಕ್ಕ ಭಾಗವೇ ನಾಯ್ಸ್.

ನಾನು p = 1001 ಇಟ್ಟುಕೊಂಡೆ. ಎರಡೂ ಸಲ m = 1. ಮೊದಲನೆಯದಕ್ಕೆ q = 57, r = 3; ಬಂದದ್ದು 57064. ಎರಡನೆಯದಕ್ಕೆ q = 31, r = 4; ಬಂದದ್ದು 31040. ನಾಯ್ಸ್ ಕ್ರಮವಾಗಿ 7 ಮತ್ತು 9.

ಈ ನಾಯ್ಸ್ ಯಾಕೆ ಬೇಕು ಎಂಬುದನ್ನು ಮೊದಲು ಪರೀಕ್ಷಿಸಿದೆ. ಅದನ್ನು ತೆಗೆದರೆ ಉಳಿಯುವುದು 57057 ಮತ್ತು 31031. ಇವುಗಳ ಮ.ಸಾ.ಅ. ನೇರವಾಗಿ 1001, ಅಂದರೆ ಕೀಲಿಯೇ ಕೈಗೆ ಬಂತು. ನಾಯ್ಸ್ ಸೇರಿಸಿದ 57064 ಮತ್ತು 31040ರ ಮ.ಸಾ.ಅ. ಹುಡುಕಿದರೆ ಸಿಗುವುದು 8. ಅದಕ್ಕೂ ಕೀಲಿಗೂ ಸಂಬಂಧವಿಲ್ಲ. ಇಡೀ ಭದ್ರತೆ ನಿಂತಿರುವುದು ಇಲ್ಲಿಯೇ. ನನ್ನ ಉದಾಹರಣೆಯಲ್ಲಿ ನಾಯ್ಸ್‌ನ ಸಾಧ್ಯ ಬೆಲೆಗಳನ್ನೆಲ್ಲ ಒಂದೊಂದಾಗಿ ಕಳೆದು ನೋಡಿ ಕೀಲಿಯನ್ನು ಹಿಡಿಯಬಹುದು. ಅದಕ್ಕಾಗಿಯೇ ನಿಜವಾದ ಬಳಕೆಯಲ್ಲಿ ಸಂಖ್ಯೆಗಳು ಬೆರಗಾಗುವಷ್ಟು ದೊಡ್ಡವು: ನಾಯ್ಸ್‌ಗೆ λ ಬಿಟ್ ಕೊಟ್ಟರೆ p ಗೆ ಸುಮಾರು λ², c ಗೆ ಸುಮಾರು λ⁵ ಬಿಟ್ ಬೇಕಾಗುತ್ತದೆ.

ಈಗ ಕೀಲಿಯನ್ನು ಮುಟ್ಟದೆ ಲೆಕ್ಕ ಮಾಡೋಣ. 57064 + 31040 = 88104. ಇದನ್ನು 1001ರಿಂದ ಭಾಗಿಸಿದರೆ ಶೇಷ 16, ಸಮ; ಬಿಟ್‌ಗಳ ಲೆಕ್ಕದಲ್ಲಿ 1 + 1 = 0, ಸರಿಯಾಗಿದೆ. ಗುಣಿಸಿದರೆ 1771266560; ಶೇಷ 63, ಬೆಸ; 1 × 1 = 1, ಇದೂ ಸರಿ. ಕೂಡಿದಾಗ ನಾಯ್ಸ್‌ಗಳು ಕೂಡಿಕೊಂಡವು, ಗುಣಿಸಿದಾಗ ಗುಣಿಸಿಕೊಂಡವು. ಬಿಟ್‌ಗಳ ಮೇಲಿನ ಯಾವ ಲೆಕ್ಕವನ್ನಾದರೂ ಈ ಎರಡು ಕ್ರಿಯೆಗಳಿಂದ ಕಟ್ಟಬಹುದಾದ್ದರಿಂದ ತತ್ತ್ವದಲ್ಲಿ ಇನ್ನೇನೂ ಬೇಕಿಲ್ಲ.

ತೊಡಕು ಇರುವುದು ಗುಣಾಕಾರದಲ್ಲಿ. ಬಿಡಿಸಲು ನಾನು ಬರೆದದ್ದು ಇಷ್ಟೇ:

```python
def dec(c, p):
    z = c % p
    if z > p // 2:
        z -= p
    return z % 2
```

ನಾಯ್ಸ್ ಋಣವೂ ಆಗಬಹುದಾದ್ದರಿಂದ ಶೇಷವನ್ನು ಸೊನ್ನೆಯ ಎರಡೂ ಬದಿಗೆ ಹಂಚಿದ್ದೇನೆ. ಹೀಗಾಗಿ ನಾಯ್ಸ್ 500 ದಾಟದಿದ್ದರೆ ಮಾತ್ರ ಉತ್ತರವನ್ನು ನಂಬಬಹುದು. ನಾಯ್ಸ್ 63 ಇರುವ ಆ ಗುಣಲಬ್ಧವನ್ನು ಮತ್ತೆ ಮೊದಲ ಸಂಖ್ಯೆಯೊಂದಿಗೆ ಗುಣಿಸಿದರೆ ನಾಯ್ಸ್ 441, ಇನ್ನೂ ಮಿತಿಯೊಳಗಿದೆ. ಇನ್ನೊಮ್ಮೆ ಅದರಿಂದಲೇ ಗುಣಿಸಿದರೆ 3087. ಇದರಿಂದ 1001ನ್ನು ಮೂರು ಸಲ ಕಳೆದು ಉಳಿದದ್ದು 84, ಸಮ. ಗುಣಿಸಿದ್ದೆಲ್ಲ 1 ಆಗಿದ್ದರೂ ಉತ್ತರ 0 ಎಂದು ಬಂತು.

ಆ ಕೊನೆಯ ಹೆಜ್ಜೆಯಲ್ಲಿ ಮೊದಲ ಸಂಖ್ಯೆಯ ಬದಲು ಎರಡನೆಯದರಿಂದ ಗುಣಿಸಿ ನೋಡಿದೆ. ನಾಯ್ಸ್ 3969, ಮಿತಿಯನ್ನು ಇನ್ನೂ ಹೆಚ್ಚು ಮೀರಿದೆ. ಆದರೆ ಬಿಡಿಸುವಾಗ ಕಳೆಯಬೇಕಾದದ್ದು ನಾಲ್ಕು ಸಲ, ಅದು ಸಮಸಂಖ್ಯೆ; ಉಳಿದದ್ದು −35, ಬೆಸ. ಉತ್ತರ 1 ಎಂದು ಸರಿಯಾಗಿಯೇ ಬಂತು! ಕೆಟ್ಟುಹೋದ ಗೂಢಸಂಖ್ಯೆ ಯಾವ ದೋಷಸಂದೇಶವನ್ನೂ ಕೊಡುವುದಿಲ್ಲ, ಒಮ್ಮೊಮ್ಮೆ ಸರಿಯುತ್ತರವನ್ನೂ ಕೊಡುತ್ತದೆ. ಒಂದೆರಡು ಬಿಟ್‌ಗಳಲ್ಲಿ ಪರೀಕ್ಷಿಸಿ ತೃಪ್ತರಾಗಬಾರದು ಎಂದು ನನ್ನ ವಿದ್ಯಾರ್ಥಿಗಳಿಗೆ ಒತ್ತಿ ಹೇಳುವುದು ಇದಕ್ಕೇ. ಶೇಷವನ್ನು ನೋಡಿದರೂ ತಿಳಿಯದು, 84 ಕೂಡ ಚಿಕ್ಕದಾಗಿಯೇ ಕಾಣುತ್ತದೆ. ನಾನು ಮಾಡುವುದು ಇಷ್ಟು: ಪ್ರತಿ ಗೂಢಸಂಖ್ಯೆಯ ಜೊತೆಗೆ ಅದರ ನಾಯ್ಸ್‌ನ ಗರಿಷ್ಠ ಅಂದಾಜನ್ನೂ ಇಟ್ಟುಕೊಂಡು, ಕೂಡಿದಾಗ ಕೂಡಿ, ಗುಣಿಸಿದಾಗ ಗುಣಿಸಿ, p/2ಕ್ಕೆ ಹೋಲಿಸುತ್ತೇನೆ. ಮೈಕ್ರೋಸಾಫ್ಟ್‌ನ `SEAL` ಲೈಬ್ರರಿಯಲ್ಲಿ ಇದೇ ಕೆಲಸಕ್ಕೆ `invariant_noise_budget` ಇದೆ. ಅದು ಸೊನ್ನೆಗೆ ಇಳಿದರೆ ಬಿಡಿಸಿದ ಉತ್ತರವನ್ನು ನಂಬುವಂತಿಲ್ಲ. ಅದನ್ನು ಕೇಳಲು ರಹಸ್ಯ ಕೀಲಿ ಬೇಕು, ಆದ್ದರಿಂದ ಲೆಕ್ಕ ಮಾಡುವ ಸರ್ವರ್‌ಗೆ ಅದು ಸಿಗದು.

ಈ ಮಿತಿಯನ್ನು ದಾಟುವ ದಾರಿಯನ್ನು ಕ್ರೇಗ್ ಜೆಂಟ್ರಿ 2009ರಲ್ಲಿ ತೋರಿಸಿದರು. ಕೀಲಿಯ ಬಿಟ್‌ಗಳನ್ನೇ ಗೂಢಗೊಳಿಸಿ ಸರ್ವರ್‌ಗೆ ಕೊಡುವುದು. ಬಿಡಿಸುವ ಲೆಕ್ಕವನ್ನು ಸರ್ವರ್ ಆ ಗೂಢ ಬಿಟ್‌ಗಳ ಮೇಲೆ ನಡೆಸುವುದು. ಹೊರಬರುವುದು ಅದೇ ಬಿಟ್‌ನ ಹೊಸ ಗೂಢಸಂಖ್ಯೆ. ಅದರ ನಾಯ್ಸ್ ಹಳೆಯದನ್ನು ಅವಲಂಬಿಸುವುದಿಲ್ಲ, ಬಿಡಿಸುವ ಲೆಕ್ಕದಲ್ಲಿ ಎಷ್ಟು ಗುಣಾಕಾರ ಇದೆಯೋ ಅಷ್ಟೇ. ಆ ಲೆಕ್ಕ, ಅದರ ಮೇಲೆ ಇನ್ನೊಂದು ಗುಣಾಕಾರ, ಇವೆರಡೂ ಮಿತಿಯೊಳಗೆ ಹಿಡಿಸಿದರೆ ಲೆಕ್ಕವನ್ನು ಎಷ್ಟು ದೂರ ಬೇಕಾದರೂ ಒಯ್ಯಬಹುದು. ನನ್ನ 1001ರಲ್ಲಿ ಮೂರು ಸಂಖ್ಯೆಗಳ ಗುಣಲಬ್ಧಕ್ಕೇ ಜಾಗ ಮುಗಿಯಿತು. ಭಾಗಾಕಾರ ಮಾಡಿ ಶೇಷ ತೆಗೆಯುವ ಲೆಕ್ಕ ಅಷ್ಟರಲ್ಲಿ ಹಿಡಿಸುವುದಿಲ್ಲ.